ಆರೂವರೆ ವರ್ಷದ ವೈರ್‌ಲೆಸ್ ಹೆಡ್‌ಫೋನ್: ಒಂದು ಗಂಟೆಗೆ ಇಳಿದ ಬ್ಯಾಟರಿ, 520 ರೂಪಾಯಿಯ ರಿಪೇರಿ

ಈ ಹೆಡ್‌ಫೋನ್ ತಗೊಂಡಿದ್ದು 2019ರ ಆಗಸ್ಟ್‌ನಲ್ಲಿ. ಕಿವಿ ಪೂರ್ತಿ ಮುಚ್ಚುವ ದೊಡ್ಡ ಮಾದರಿ. ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುವ ನನಗೆ ಬೋಗಿಯ ಗದ್ದಲದಿಂದ ತಪ್ಪಿಸಿಕೊಳ್ಳಲು ಇದೊಂದೇ ದಾರಿ. ಸದ್ದು ಇವತ್ತಿಗೂ ಚೆನ್ನಾಗಿದೆ. ಬಟನ್‌ಗಳು ಸರಿ ಇವೆ. ಕಿವಿಯ ಮೆತ್ತೆ ಮೂರನೇ ವರ್ಷಕ್ಕೆ ಸಿಪ್ಪೆ ಎದ್ದಿತು, ಬದಲಾಯಿಸಿದೆ. ಅದರ ಬಗ್ಗೆ ಇಷ್ಟು ಸಾಕು. ನಾನು ಬರೆಯಬೇಕು ಅಂತ ಕೂತಿದ್ದು ಬ್ಯಾಟರಿಯ ಬಗ್ಗೆ.

ಹೊಸದರಲ್ಲಿ ಒಂದು ಸಲ ಚಾರ್ಜ್ ಮಾಡಿದರೆ 20 ಗಂಟೆ ಬರುತ್ತಿತ್ತು. ಮೂರು ವರ್ಷ ಆದಾಗ 14 ಗಂಟೆಯ ಹತ್ತಿರ ಬಂತು. ಅದರಲ್ಲಿ ಬೇಜಾರಿಲ್ಲ. ಲಿಥಿಯಂ ಸೆಲ್ ಬಳಸಿದಷ್ಟೂ ಒಳಗಿನ ಲಿಥಿಯಂ ಸ್ವಲ್ಪ ಸ್ವಲ್ಪವೇ ಕೆಲಸಕ್ಕೆ ಬಾರದಂತಾಗುತ್ತದೆ. ಸುಮಾರು 300ರಿಂದ 500 ಸಲ ಪೂರ್ತಿ ತುಂಬಿ ಖಾಲಿಯಾದ ಮೇಲೆ ಮೊದಲಿನ ಶಕ್ತಿಯಲ್ಲಿ ಐದನೇ ಒಂದು ಪಾಲು ಹೋಗಿರುವುದು ಸಹಜ. ನಾನು ಮಾಡಿದ ತಪ್ಪು ಬೇರೆ. 2024ರಲ್ಲಿ ಎಂಟು ತಿಂಗಳು ಊರಿನಲ್ಲೇ ಕೆಲಸ ಇತ್ತು. ರೈಲು ಇಲ್ಲ, ಹಾಗಾಗಿ ಹೆಡ್‌ಫೋನ್ ಕೂಡ ಬೇಕಾಗಲಿಲ್ಲ. ಬ್ಯಾಟರಿ ಮುಗಿದು ಆಫ್ ಆಗಿದ್ದನ್ನು ಹಾಗೇ ಬೀರುವಿನಲ್ಲಿ ಇಟ್ಟುಬಿಟ್ಟೆ.

ಮತ್ತೆ ರೈಲು ಹತ್ತಿದ ಮೊದಲ ದಿನವೇ ಗೊತ್ತಾಯಿತು. ತುಮಕೂರಿನಲ್ಲಿ ಹಾಕಿಕೊಂಡರೆ ಸೋಲದೇವನಹಳ್ಳಿ ದಾಟುವುದರೊಳಗೆ ಆಫ್. ಸರಿಯಾಗಿ 55 ನಿಮಿಷ. ಫೋನಿನಲ್ಲಿ ನೂರು ಪರ್ಸೆಂಟ್ ಅಂತಲೇ ಶುರು. ಸ್ವಲ್ಪ ಹೊತ್ತಿಗೆ 60, ಆಮೇಲೆ ಒಂದೇ ಸಲ ‘ಬ್ಯಾಟರಿ ಲೋ’. ಹತ್ತು ನಿಮಿಷ ಬಿಟ್ಟು ಆನ್ ಮಾಡಿದರೆ ಮತ್ತೆ 40 ತೋರಿಸುತ್ತಿತ್ತು, ಎರಡು ಹಾಡಿಗೆ ಮತ್ತೆ ಆಫ್.

ಮೊದಲು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋದೆ. ಕೌಂಟರಿನಲ್ಲಿದ್ದವರು ತೆರೆದು ನೋಡಲೇ ಇಲ್ಲ. ‘ಇದಕ್ಕೆ ಬ್ಯಾಟರಿ ಬಿಡಿಯಾಗಿ ಬರಲ್ಲ ಮೇಡಂ, ಹೊಸದಕ್ಕೆ ಡಿಸ್ಕೌಂಟ್ ಕೊಡ್ತೀವಿ’ ಅಂದರು. ಸದ್ದು ಚೆನ್ನಾಗಿರುವ ಸಾಮಾನನ್ನು ಒಂದು ಸಣ್ಣ ಸೆಲ್‌ಗಾಗಿ ಎಸೆಯಬೇಕಾ? ನನಗೆ ಒಪ್ಪಲಿಲ್ಲ.

ಆದರೆ ತಪ್ಪು ಸೆಲ್‌ನದ್ದೋ ಬೋರ್ಡಿನದ್ದೋ ಅಂತ ಗೊತ್ತಾಗದೆ ಬಿಚ್ಚುವುದೂ ಸರಿಯಲ್ಲ. ಸರ್ಕ್ಯೂಟ್ ಕೆಟ್ಟು ಕರೆಂಟ್ ಜಾಸ್ತಿ ಕುಡಿಯುತ್ತಿದ್ದರೆ ಹೊಸ ಸೆಲ್ ಹಾಕಿದರೂ ಅಷ್ಟೇ ಅಲ್ವಾ? ಇದನ್ನು ಬಿಚ್ಚದೆಯೇ ಪತ್ತೆ ಮಾಡಬಹುದು. ಗಮನಿಸಬೇಕಾದ್ದು ಚಾರ್ಜ್ ಆಗಲು ಹಿಡಿಯುವ ಸಮಯ. ಮೊದಲೆಲ್ಲ ಪೂರ್ತಿ ಖಾಲಿಯಿಂದ ತುಂಬಲು ಎರಡೂವರೆ ಗಂಟೆ ಬೇಕಾಗುತ್ತಿತ್ತು. ಈಗ ಹನ್ನೆರಡು ನಿಮಿಷಕ್ಕೆ ಕೆಂಪು ದೀಪ ಆರುತ್ತಿತ್ತು. ಬೇಗ ಖಾಲಿಯಾಗುವ ಬ್ಯಾಟರಿ ಬೇಗ ತುಂಬಲೂ ಶುರು ಮಾಡಿದರೆ ಅದರ ಹೊಟ್ಟೆಯೇ ಚಿಕ್ಕದಾಗಿದೆ ಅಂತ ಅರ್ಥ. ತುಂಬಲು ಮೊದಲಿನಷ್ಟೇ ಹೊತ್ತು ಹಿಡಿದು, ಬೇಗ ಖಾಲಿಯಾದರೆ ಮಾತ್ರ ಬೋರ್ಡಿನ ಮೇಲೆ ಅನುಮಾನ ಪಡಬೇಕು.

ಖಚಿತ ಮಾಡಿಕೊಳ್ಳಲು ಒಂದು ಯುಎಸ್‌ಬಿ ಮೀಟರ್ ತಗೊಂಡೆ. ಚಾರ್ಜರ್‌ಗೂ ಕೇಬಲ್‌ಗೂ ನಡುವೆ ಸಿಕ್ಕಿಸುವ ಪುಟ್ಟ ಡಬ್ಬಿ ಅದು. ಎಷ್ಟು ಕರೆಂಟ್ ಒಳಗೆ ಹೋಯಿತು ಅಂತ ಎಂಎಎಚ್ ಲೆಕ್ಕದಲ್ಲಿ ತೋರಿಸುತ್ತದೆ. ಹೆಡ್‌ಫೋನ್ ತಾನಾಗಿಯೇ ಆಫ್ ಆಗುವ ತನಕ ಹಾಡು ಹಾಕಿ, ಮೀಟರ್ ಸೊನ್ನೆ ಮಾಡಿ ಚಾರ್ಜ್‌ಗೆ ಇಟ್ಟೆ. ದೀಪ ಆರಿದಾಗ ಮೀಟರಿನಲ್ಲಿ 27 ಇತ್ತು. ಈ ಹೆಡ್‌ಫೋನಿನ ಬ್ಯಾಟರಿ 500 ಎಂಎಎಚ್ ಅಂತ ಅದರ ಜೊತೆ ಬಂದ ಪುಸ್ತಕದಲ್ಲಿದೆ. 500ನ್ನು 20 ಗಂಟೆಗೆ ಹಂಚಿದರೆ ಗಂಟೆಗೆ 25. ಈಗ ಒಳಗೆ ಹಿಡಿಯುತ್ತಿದ್ದುದು 27, ಬರುತ್ತಿದ್ದುದು ಹೆಚ್ಚುಕಮ್ಮಿ ಒಂದು ಗಂಟೆ. ಅಂದರೆ ಬೋರ್ಡು ಮೊದಲಿನಷ್ಟೇ ಕುಡಿಯುತ್ತಿದೆ. ಸತ್ತಿರುವುದು ಸೆಲ್ ಮಾತ್ರ. ಅಗ್ಗದ ಮೀಟರ್ ಸಣ್ಣ ಕರೆಂಟನ್ನು ಸ್ವಲ್ಪ ಕಡಿಮೆ ತೋರಿಸಬಹುದು, ಆದರೆ 27ಕ್ಕೂ 500ಕ್ಕೂ ಇರುವ ಅಂತರದಲ್ಲಿ ಅದು ಲೆಕ್ಕಕ್ಕಿಲ್ಲ.

ಬೀರುವಿನಲ್ಲಿ ಇಟ್ಟಾಗ ಆಗಿದ್ದೇನು ಅಂತ ಆಮೇಲೆ ಅರ್ಥವಾಯಿತು. ಈ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟ್ ಹತ್ತಿರ ಬಂದಾಗ ಹೆಡ್‌ಫೋನ್ ಆಫ್ ಆಗುತ್ತದೆ. ಆಫ್ ಆದ ಮೇಲೂ ಬೋರ್ಡು ತೀರಾ ಸಣ್ಣ ಪ್ರಮಾಣದಲ್ಲಿ ಎಳೆಯುತ್ತಲೇ ಇರುತ್ತದೆ, ಸೆಲ್ ಕೂಡ ತನ್ನಷ್ಟಕ್ಕೆ ಸೋರುತ್ತದೆ. ತಿಂಗಳುಗಟ್ಟಲೆ ಹೀಗಾದರೆ ವೋಲ್ಟೇಜ್ ಕೆಳಗೆ ಕುಸಿದು ಒಳಗಿನ ತಾಮ್ರದ ಹಾಳೆಯೇ ಕರಗಲು ಶುರುವಾಗುತ್ತದೆ. ಆಮೇಲೆ ಚಾರ್ಜ್ ಹಾಕಿದರೂ ಮೊದಲಿನ ಸ್ಥಿತಿಗೆ ಬರಲ್ಲ. ಒಳಗಿನ ತಡೆ ಜಾಸ್ತಿಯಾಗುವುದರಿಂದ ಚಾರ್ಜ್ ಹಾಕುತ್ತಿದ್ದಂತೆ 4.2 ಮುಟ್ಟಿ ‘ತುಂಬಿತು’ ಅನ್ನಿಸುತ್ತದೆ, ಬಳಸುತ್ತಿದ್ದಂತೆ ಕುಸಿಯುತ್ತದೆ, ಸ್ವಲ್ಪ ಸುಮ್ನೆ ಬಿಟ್ಟರೆ ಮತ್ತೆ ಏರುತ್ತದೆ. ಫೋನಿನಲ್ಲಿ ಆ ಪರ್ಸೆಂಟ್ ಕುಣಿಯುತ್ತಿದ್ದುದು ಇದಕ್ಕೇ.

ಅಶೋಕ ರಸ್ತೆಯ ಕಡೆ ಮೊಬೈಲ್ ರಿಪೇರಿ ಮಾಡುವ ಒಬ್ಬ ಹುಡುಗನ ಹತ್ತಿರ ತಗೊಂಡು ಹೋದೆ. ನನಗೆ ಸೋಲ್ಡರ್ ಮಾಡಲು ಬರಲ್ಲ. ಪಕ್ಕದಲ್ಲೇ ಕೂತು ನೋಡಿದೆ. ಕಿವಿಯ ಮೆತ್ತೆ ಎಳೆದರೆ ಕಳಚುತ್ತದೆ, ಅದರ ಕೆಳಗೆ ನಾಲ್ಕು ಸಣ್ಣ ಸ್ಕ್ರೂ. ಬಲಗಡೆ ಇಯರ್‌ಕಪ್‌ನಲ್ಲಿ ಬೋರ್ಡು, ಎಡಗಡೆ ಬೆಳ್ಳಿ ಬಣ್ಣದ ಚಪ್ಪಟೆ ಸೆಲ್. ಉಬ್ಬಿದೆಯಾ ಅಂತ ಮೊದಲು ನೋಡಿದ. ಉಬ್ಬಿರಲಿಲ್ಲ. ಉಬ್ಬಿದ್ದರೆ ಇಯರ್‌ಕಪ್‌ನ ಮುಚ್ಚಳ ಹೊರಗಿನಿಂದಲೇ ಬಾಯಿ ಬಿಟ್ಟಿರಬಹುದು. ಅಂಥದ್ದನ್ನು ಮತ್ತೆ ಚಾರ್ಜ್‌ಗೆ ಹಾಕಲೇಬಾರದು, ಒತ್ತಲೂಬಾರದು.

ಸೆಲ್ ಮೇಲೆ 602535 ಅಂತ ಬರೆದಿತ್ತು. ಇದು ಮಾಡೆಲ್ ನಂಬರ್ ಅಂದುಕೊಂಡಿದ್ದೆ. ‘ಇದು ಅಳತೆ ಅಕ್ಕ. 6 ಮಿಲಿಮೀಟರ್ ದಪ್ಪ, 25 ಅಗಲ, 35 ಉದ್ದ. ಇದನ್ನೇ ಹೇಳಿ ತರಿಸಿ’ ಅಂದ. ಎರಡೇ ವೈರ್ ಇದ್ದವು, ಕೆಂಪು ಮತ್ತು ಕಪ್ಪು. ಕೆಲವದರಲ್ಲಿ ಮೂರನೇ ವೈರ್ ಇರುತ್ತದೆ, ಅದು ಸೆಲ್‌ನ ಬಿಸಿ ನೋಡುವುದಕ್ಕೆ. ಅಂಥದ್ದಕ್ಕೆ ಎರಡು ವೈರಿನ ಸೆಲ್ ಹಾಕಿದರೆ ಚಾರ್ಜ್ ಆಗದೇ ಇರಬಹುದು. ತರಿಸುವ ಮೊದಲು ಎಣಿಸಿಕೊಳ್ಳಬೇಕು.

ಇಲ್ಲಿ ನಾನು ಆಸೆಗೆ ಬಿದ್ದೆ. ಆನ್‌ಲೈನಿನಲ್ಲಿ ಅದೇ ಅಳತೆಯ ಸೆಲ್, 1000 ಎಂಎಎಚ್ ಅಂತ ಬರೆದಿದ್ದು, 180 ರೂಪಾಯಿಗೆ ಸಿಕ್ಕಿತು. 40 ಗಂಟೆ ಬರಬಹುದು ಅಂತ ಲೆಕ್ಕ ಹಾಕಿದೆ. ಹುಡುಗ ಅದನ್ನು ಕೈಗೆ ತಗೊಂಡು, ‘ಈ ಸೈಜಿಗೆ ಸಾವಿರ ಕೂರಲ್ಲ ಅಕ್ಕ’ ಅಂದ. ಹೇಗೆ ಹೇಳ್ತೀಯಪ್ಪ ಅಂದೆ. ಮೂರೂ ಅಳತೆ ಗುಣಿಸಿ, ಬಂದಿದ್ದನ್ನು ಹತ್ತರಿಂದ ಭಾಗಿಸಿ ಅಂದ. 6, 25, 35 ಗುಣಿಸಿದರೆ 5250. ಹತ್ತರಿಂದ ಭಾಗಿಸಿದರೆ 525. ಇಂಥ ಚಿಕ್ಕ ಸೆಲ್‌ಗಳಲ್ಲಿ ಹೆಚ್ಚುಕಮ್ಮಿ ಇಷ್ಟೇ ಹಿಡಿಯುವುದು. ಹಳೆಯದರ ಮೇಲಿದ್ದ 500 ಪ್ರಾಮಾಣಿಕ ಸಂಖ್ಯೆ. ನನಗೆ ಬಂದಿದ್ದು ಸುಳ್ಳು ಚೀಟಿ. ಆದರೂ ಹಾಕಿಸಿದೆ. ಮೀಟರಿನಲ್ಲಿ ನೋಡಿದರೆ 310. ಹನ್ನೆರಡು ಗಂಟೆ ಬಂತು, ಒಂದು ತಿಂಗಳಿಗೆ ಹತ್ತಕ್ಕೆ ಇಳಿಯಿತು. ಹಣಕ್ಕಿಂತ ಜಾಸ್ತಿ ನೋವಾಗಿದ್ದು, ಅವನು ಹೇಳಿದ್ದನ್ನು ಕೇಳಲಿಲ್ಲವಲ್ಲ ಅಂತ.

ಎರಡನೇ ಸಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ 500 ಅಂತಲೇ ಬರೆದಿದ್ದ ಸೆಲ್ ತಂದೆ. 320 ರೂಪಾಯಿ. ತುದಿಯಲ್ಲಿ ಹಳದಿ ಟೇಪಿನ ಕೆಳಗೆ ಕಡ್ಡಿಯಷ್ಟು ಅಗಲದ ಹಸಿರು ಬೋರ್ಡು ಇದೆಯಾ ಅಂತ ನೋಡಿಯೇ ತಗೊಂಡೆ. ಜಾಸ್ತಿ ಚಾರ್ಜ್ ಆಗದಂತೆ, ತೀರಾ ಖಾಲಿಯಾಗದಂತೆ, ಶಾರ್ಟ್ ಆದರೆ ಕಡಿತವಾಗುವಂತೆ ಕಾಯುವುದು ಅದು. ಅದಿಲ್ಲದ ಬರೀ ಸೆಲ್ ಕೂಡ ಮಾರುತ್ತಾರೆ, ಬೇಡ.

ಕೆಲಸ ಹಿಡಿದಿದ್ದು ಅರ್ಧ ಗಂಟೆ. ಅಂಟು ಟೇಪಿನಿಂದ ಸೆಲ್ ಎಬ್ಬಿಸಲು ಅವನು ಸ್ಕ್ರೂಡ್ರೈವರ್ ಬಳಸಲಿಲ್ಲ, ಹಳೇ ಪ್ಲಾಸ್ಟಿಕ್ ಕಾರ್ಡನ್ನು ಮೆಲ್ಲಗೆ ತೂರಿಸಿದ. ಲೋಹ ತಾಗಿ ಸೆಲ್ ತೂತಾದರೆ ಬೆಂಕಿ. ವೈರ್‌ಗಳನ್ನು ಒಂದೊಂದಾಗಿ ಕತ್ತರಿಸಿ, ಕತ್ತರಿಸಿದ ತಕ್ಷಣ ತುದಿಗೆ ಟೇಪು ಸುತ್ತಿದ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಅಲಗೇ ಎರಡನ್ನೂ ಸೇರಿಸಿ ಶಾರ್ಟ್ ಮಾಡುತ್ತದೆ. ಹೊಸ ಸೆಲ್‌ನ ಬಣ್ಣ ನಂಬದೆ, ಯಾವುದು ಪ್ಲಸ್ ಅಂತ ಮಲ್ಟಿಮೀಟರಿನಲ್ಲಿ ನೋಡಿಕೊಂಡ. ವೈರಿಗೆ ವೈರ್ ಸೇರಿಸಿ ಸೋಲ್ಡರ್ ಹಾಕಿದ, ಸೆಲ್‌ಗೆ ಬಿಸಿ ಮುಟ್ಟಿಸಲಿಲ್ಲ. ಕೂಲಿ 200 ರೂಪಾಯಿ. ಮೊದಲನೇ ಸಲದ ಕೂಲಿ, ಆ ಸುಳ್ಳು ಸೆಲ್ ಎರಡೂ ನನ್ನ ಆಸೆಯ ಲೆಕ್ಕಕ್ಕೆ ಹೋದವು. ಹಳೆಯ ಸೆಲ್‌ಗಳ ತುದಿಗೆ ಟೇಪು ಸುತ್ತಿ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟೆ. ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಒತ್ತಡಕ್ಕೆ ಸಿಕ್ಕರೆ ಹೊತ್ತಿಕೊಳ್ಳುತ್ತದೆ.

ಇದು ಎಲ್ಲದಕ್ಕೂ ಆಗುವ ಕೆಲಸವಲ್ಲ. ಕಿವಿಯೊಳಗೆ ಇಡುವ ಪುಟ್ಟ ಇಯರ್‌ಬಡ್‌ಗಳನ್ನು ಸಾಮಾನ್ಯವಾಗಿ ಅಂಟು ಹಾಕಿ ಮುಚ್ಚಿರುತ್ತಾರೆ, ಒಡೆಯದೆ ತೆರೆಯುವುದು ಕಷ್ಟ. ವಾರಂಟಿ ಇರುವುದನ್ನು ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ. ದುಡ್ಡು ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ, 3.5 ಎಂಎಂ ತೂತು ಇರುವ ಹೆಡ್‌ಫೋನನ್ನು ವೈರ್ ಹಾಕಿ ಬಳಸಬಹುದು. ಸೆಲ್‌ಗೆ ಕಾಯುತ್ತಿದ್ದ ಎರಡು ವಾರ ನಾನು ಹಾಗೇ ಕಳೆದೆ. ಉಬ್ಬಿದ ಸೆಲ್ ಒಳಗಿದ್ದರೆ ಮಾತ್ರ ಅದೂ ಬೇಡ.

ಹೊಸ ಸೆಲ್ ಹಾಕಿದ ದಿನ ಮೀಟರ್ 470 ತೋರಿಸಿತು. ಮೊದಲ ಚಾರ್ಜ್ ಮುಗಿಯುವ ತನಕ ಪಕ್ಕದಲ್ಲೇ ಕೂತು ಆಗಾಗ ಇಯರ್‌ಕಪ್ ಮುಟ್ಟಿ ನೋಡಿದೆ, ಬಿಸಿಯಾಗಲಿಲ್ಲ. ಆಗ 18 ಗಂಟೆ ಬಂತು. ಹತ್ತು ತಿಂಗಳ ಮೇಲೆ, ಹೋದ ವಾರ ಮತ್ತೆ ಅಳೆದೆ, 455. ಈಗ ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿ ಮಲಗುವುದಿಲ್ಲ. ಬೇಸಿಗೆಯಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಡುವುದಿಲ್ಲ, ಪೂರ್ತಿ ತುಂಬಿದ ಸೆಲ್‌ಗೆ ಬಿಸಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಈ ಏಪ್ರಿಲ್‌ನಲ್ಲಿ ಒಂದು ತಿಂಗಳು ರಜೆ ಹಾಕುತ್ತಿದ್ದೇನೆ. ಅರ್ಧ ಚಾರ್ಜ್ ಮಾಡಿ ಬೀರುವಿನಲ್ಲಿ ಇಡಬೇಕು ಅಂತ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿದ್ದೇನೆ.