ಅಂಗಡಿಯ ರಿಜಿಸ್ಟರ್ ನೋಡಿ ಶಾಪಿಂಗ್ ಆಡ್ ನಿಲ್ಲಿಸಬೇಡಿ: ನಮ್ಮ ಜೀನ್ಸ್ ವ್ಯಾಪಾರದಲ್ಲಿ ಆದದ್ದು

ಬಳ್ಳಾರಿಯಲ್ಲಿ ನಮ್ಮದು ಚಿಕ್ಕ ಜೀನ್ಸ್ ಯೂನಿಟ್. ಹೊಲಿಗೆ ನಮ್ಮದೇ, ವಾಷಿಂಗ್‌ಗೆ ಹೊರಗೆ ಕೊಡುತ್ತೇವೆ. ಒಂದು ಅಂಗಡಿ ಇದೆ, ವಾಟ್ಸಾಪ್‌ನಲ್ಲಿ ಹೋಲ್‌ಸೇಲ್ ಇದೆ. ಎರಡು ವರ್ಷದ ಹಿಂದೆ ಸ್ವಂತ ವೆಬ್‌ಸೈಟ್ ಮಾಡಿಸಿ ಗೂಗಲ್ ಶಾಪಿಂಗ್ ಆಡ್ ಶುರು ಮಾಡಿದೆವು. ಆಡ್ ನೋಡಿಕೊಳ್ಳಲು ಒಂದು ಏಜೆನ್ಸಿಗೆ ಕೊಟ್ಟಿದ್ದೆವು. ಹೆಸರು ಬೇಡ ಬಿಡಿ. ಅವರಿಗಿಂತ ದೊಡ್ಡ ತಪ್ಪು ಮಾಡಿದವನು ನಾನೇ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಮೂರು ತಿಂಗಳ ಲೆಕ್ಕ ಹೀಗಿತ್ತು. ದಿನಕ್ಕೆ ಸಾವಿರ ರೂಪಾಯಿಯಂತೆ ₹90,000 ಖರ್ಚು. ಒಂದು ಕ್ಲಿಕ್‌ಗೆ ಹೆಚ್ಚುಕಮ್ಮಿ ₹6, ಅಂದರೆ 15,000 ಕ್ಲಿಕ್. ಬಂದ ಆರ್ಡರ್ 180, ಸರಾಸರಿ ₹1,100ರದ್ದು. "ಒಂದು ರೂಪಾಯಿ ಹಾಕಿದರೆ ಎರಡು ರೂಪಾಯಿ ಇಪ್ಪತ್ತು ಪೈಸೆ ಬರ್ತಿದೆ ಸರ್" ಎಂದು ಏಜೆನ್ಸಿಯವರು ಪ್ರತಿ ತಿಂಗಳೂ ಹೇಳುತ್ತಿದ್ದರು. ಲೆಕ್ಕ ಸರಿಯೇ. ಆದರೆ ಬಟ್ಟೆ, ಹೊಲಿಗೆ, ವಾಷಿಂಗ್, ಕೊರಿಯರ್ ಎಲ್ಲ ಕಳೆದರೆ ಒಂದು ಪ್ಯಾಂಟಿಗೆ ನಮಗೆ ಉಳಿಯುವುದು ₹400. 180 ಆರ್ಡರಿಗೆ ₹72,000. ಆಡ್‌ಗೆ ಕೊಟ್ಟದ್ದು ₹90,000. ಮೂರು ತಿಂಗಳು ದುಡಿದು ಹದಿನೆಂಟು ಸಾವಿರ ಕೈಯಿಂದ ಹಾಕಿದ ಹಾಗಾಯಿತು.

ಆಗ ನನಗೆ ಸಿಟ್ಟು ಬಂತು. ಯಾವ ಮಾಲು ದುಡ್ಡು ತಿನ್ನುತ್ತಿದೆ, ನಾನೇ ಕಂಡುಹಿಡಿಯುತ್ತೇನೆ ಎಂದು ಕೂತೆ. ನಮ್ಮಲ್ಲಿ 40 ಡಿಸೈನ್, ಒಂದೊಂದಕ್ಕೆ ಆರು ಸೈಜ್. ಅಂಗಡಿಯ ಸೇಲ್ ರಿಜಿಸ್ಟರ್ ತೆಗೆದು, ಕಡಿಮೆ ಹೋದ ಏಳು ಡಿಸೈನ್ ಗುರುತು ಹಾಕಿ, ಅವುಗಳ ಆಡ್ ನಿಲ್ಲಿಸಿಬಿಟ್ಟೆ. ಅದರಲ್ಲಿ ಒಂದು ಐಸ್ ವಾಶ್ ಬ್ಯಾಗಿ ಪ್ಯಾಂಟು. ನೋಡೋಕೆ ಚೆಂದ, ಆದರೆ ಮೂರು ತಿಂಗಳಲ್ಲಿ ಎರಡೇ ಪೀಸ್ ಹೋಗಿತ್ತು. ಇದನ್ನು ನಿಲ್ಲಿಸದೆ ಇನ್ನೇನು ಮಾಡೋದು, ಅಲ್ವಾ?

ಮುಂದಿನ ಎರಡು ವಾರ ವಾರಕ್ಕೆ 14 ಬರುತ್ತಿದ್ದ ಆರ್ಡರ್ 9ಕ್ಕೆ ಇಳಿಯಿತು. ಖರ್ಚು ಮಾತ್ರ ಅಷ್ಟೇ ಇತ್ತು.

ನನಗೆ ಗೊತ್ತಿಲ್ಲದ ಸಂಗತಿ ಇದು. ಗೂಗಲ್ ಆಡ್ಸ್‌ನಲ್ಲಿ ಆರ್ಡರ್ ಸೇರುವುದು ಕೊಂಡ ಮಾಲಿನ ಲೆಕ್ಕಕ್ಕಲ್ಲ, ಕ್ಲಿಕ್ ಮಾಡಿದ ಮಾಲಿನ ಲೆಕ್ಕಕ್ಕೆ. ಜನ ಬ್ಯಾಗಿ ಪ್ಯಾಂಟಿನ ಫೋಟೋ ನೋಡಿ ಒಳಗೆ ಬರುತ್ತಿದ್ದರು. ಬಂದು, ಯೋಚಿಸಿ, ಸಾದಾ ಕಡುನೀಲಿ ಸ್ಟ್ರೇಟ್ ಫಿಟ್ ತಗೊಂಡು ಹೋಗುತ್ತಿದ್ದರು. ನನ್ನ ರಿಜಿಸ್ಟರ್‌ನಲ್ಲಿ ಬ್ಯಾಗಿಗೆ 2, ಆಡ್ಸ್‌ನಲ್ಲಿ ಆರ್ಡರ್ ಎಣಿಸುವ `Conversions` ಕಾಲಮ್‌ನಲ್ಲಿ 21. ಆ ಏಳು ಡಿಸೈನ್‌ಗಳಿಗೆ ಒಟ್ಟು 60 ಆರ್ಡರ್ ಆ ಕಾಲಮ್‌ನಲ್ಲಿ ಇತ್ತು. ಅಂಗಡಿ ಬಾಗಿಲಲ್ಲಿ ನೇತುಹಾಕಿದ ಮಾಲನ್ನು ಯಾರೂ ಕೊಳ್ಳುತ್ತಿಲ್ಲ ಅಂತ ಒಳಗೆ ಎತ್ತಿಟ್ಟ ಹಾಗಾಗಿತ್ತು ನನ್ನ ಕೆಲಸ. ಏಳನ್ನೂ ವಾಪಸ್ ಹಾಕಿದೆ.

ಹಾಗಾದರೆ ದುಡ್ಡು ಎಲ್ಲಿ ಹೋಗುತ್ತಿದೆ? ಈ ಸಲ ಆಡ್ಸ್‌ನ ಒಳಗೇ ಹುಡುಕಿದೆ. `Products` ಪುಟದಲ್ಲಿ `Cost` ಪ್ರಕಾರ ಜೋಡಿಸಿ, ಆರ್ಡರ್ ಒಂದಕ್ಕಿಂತ ಕಡಿಮೆ ಇರುವವನ್ನು ಮಾತ್ರ ಬರುವ ಹಾಗೆ ಫಿಲ್ಟರ್ ಹಾಕಿದೆ. ಸೊನ್ನೆ ಅಂತ ಹಾಕದೆ ಒಂದಕ್ಕಿಂತ ಕಡಿಮೆ ಅಂತ ಹಾಕಿದ್ದಕ್ಕೆ ಕಾರಣ ಇದೆ. ಒಂದು ಆರ್ಡರನ್ನು ಎರಡು ಮೂರು ಕ್ಲಿಕ್‌ಗಳಿಗೆ ಹಂಚಿ 0.4 ಅಂತ ತೋರಿಸುವುದೂ ಉಂಟು. ಕೊನೆಯ ಹತ್ತು ದಿನಗಳನ್ನು ಬಿಟ್ಟು ತಾರೀಕು ಹಾಕಿ. ಇವತ್ತು ಕ್ಲಿಕ್ ಮಾಡಿದವರು ಸಂಬಳ ಬಂದ ಮೇಲೆ ಕೊಳ್ಳಬಹುದು. `Conversions` ಕಾಲಮ್‌ನಲ್ಲಿ ಕೊಂಡದ್ದು ಮಾತ್ರ ಎಣಿಕೆಯಾಗುತ್ತಿದೆಯೇ ಎಂದೂ ಮೊದಲೇ ನೋಡಿ. ಕಾರ್ಟ್‌ಗೆ ಹಾಕಿದ್ದನ್ನೂ ಎಣಿಸುವ ಹಾಗೆ ಸೆಟ್ ಮಾಡಿದ್ದರೆ ಎಲ್ಲ ಮಾಲೂ ಚೆನ್ನಾಗಿ ಹೋಗುತ್ತಿರುವಂತೆಯೇ ಕಾಣುತ್ತದೆ. ನಮ್ಮಲ್ಲಿ ಪುಣ್ಯಕ್ಕೆ ಅದು ಸರಿ ಇತ್ತು.

ಪಟ್ಟಿ ಬಂತು, ಆದರೆ ಕಳ್ಳ ಸಿಗಲಿಲ್ಲ. ಎಲ್ಲವೂ ಸಣ್ಣ ಸಣ್ಣ ಮೊತ್ತ. ಒಂದಕ್ಕೆ ₹1,270, ಇನ್ನೊಂದಕ್ಕೆ ₹1,180, ₹900, ₹400, ಹೀಗೆ ನೂರಕ್ಕೂ ಹೆಚ್ಚು ಸಾಲು. ಅಷ್ಟಕ್ಕೆಲ್ಲ ಒಂದು ಮಾಲು ಕೆಟ್ಟದ್ದು ಅನ್ನಲು ಬರುವುದಿಲ್ಲ. ನಮಗೆ 15,000 ಕ್ಲಿಕ್‌ಗೆ 180 ಆರ್ಡರ್, ಅಂದರೆ ಸುಮಾರು 83 ಕ್ಲಿಕ್‌ಗೆ ಒಂದು. 60 ಕ್ಲಿಕ್ ಬಂದು ಒಂದೂ ಹೋಗದಿದ್ದರೆ ಅದು ಮಾಮೂಲಿ. 83ರ ಮೂರು ಪಟ್ಟು, ಅಂದರೆ 250 ಕ್ಲಿಕ್ ಬಂದರೂ ಒಂದೂ ಹೋಗದಿದ್ದರೆ ಆಗ ಅನುಮಾನ ಪಡಬಹುದು. ಸರಿಯಾಗಿ ಓಡುವ ಮಾಲಿಗೂ ಬರೀ ದುರದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ಐದರಷ್ಟು ಮಾತ್ರ. ನಮ್ಮ ದರದಲ್ಲಿ ಅದು ₹1,500. ಪಟ್ಟಿಯಲ್ಲಿ ಒಂದೂ ಅಷ್ಟು ಮುಟ್ಟಿರಲಿಲ್ಲ. ಏಜೆನ್ಸಿಯ ಹುಡುಗನೂ ಅದನ್ನೇ ಹೇಳಿದ, "ಇನ್ನೂ ಡೇಟಾ ಸಾಲದು ಸರ್."

ದಾರಿ ತೋರಿಸಿದ್ದು ನಮ್ಮ ಅತ್ತಿಗೆ. ಆನ್‌ಲೈನ್ ಆರ್ಡರ್ ಎಲ್ಲ ಪ್ಯಾಕ್ ಮಾಡುವುದು ಅವರೇ. ನಾನು ಲ್ಯಾಪ್‌ಟಾಪ್‌ನಲ್ಲಿ ಮಕ್ಕಳ ಜಾಗರ್ ಪ್ಯಾಂಟಿನ ಸಾಲು ನೋಡುತ್ತಿದ್ದಾಗ ಹಿಂದೆ ನಿಂತು, "ಏನಪ್ಪಾ, ಇದಕ್ಕೂ ಆಡ್ ಐತೇನು? ಮಕ್ಕಳ ಪ್ಯಾಂಟು ಕೊರಿಯರ್‌ಗೆ ನಾನು ಒಂದೂ ಕಟ್ಟಿಲ್ಲಲ್ಲ" ಅಂದರು. ರಿಜಿಸ್ಟರ್‌ನಲ್ಲಿ ನೋಡಿದರೆ ಅದು ನಮ್ಮ ಒಳ್ಳೆಯ ಮಾಲುಗಳಲ್ಲಿ ಒಂದು. ಯಾಕೆಂದರೆ ಅಂಗಡಿಯಲ್ಲಿ ಹೋಗುತ್ತದೆ, ವಾಟ್ಸಾಪ್‌ನಲ್ಲಿ ಡಜನ್ ಲೆಕ್ಕದಲ್ಲಿ ಹೋಗುತ್ತದೆ. ಅದೇ ರಿಜಿಸ್ಟರ್ ಬ್ಯಾಗಿಯ ಮೇಲೆ ಚಾಡಿ ಹೇಳಿ, ಇದನ್ನು ಮುಚ್ಚಿಟ್ಟಿತ್ತು.

ಗೂಗಲ್‌ಗೆ ಕಳಿಸುವ ಮಾಲಿನ ಪಟ್ಟಿ, ಅಂದರೆ ಫೀಡ್‌ನಲ್ಲಿ ಒಂದೊಂದು ಸೈಜೂ ಒಂದೊಂದು ಬೇರೆ ಐಟಂ. ಹಾಗಾಗಿ ಜಾಗರ್‌ನ ಖರ್ಚು ಆರು ಸಾಲಾಗಿ ಒಡೆದುಹೋಗಿತ್ತು. ಕ್ಲಿಕ್ 212, 198, 176, 181, 170, 143. ಯಾವುದೂ 250 ಮುಟ್ಟಿಲ್ಲ. ಆರನ್ನೂ ಕೂಡಿಸಿದರೆ 1,080 ಕ್ಲಿಕ್, ₹6,480. ನಮ್ಮ ಸರಾಸರಿ ಪ್ರಕಾರ 13 ಆರ್ಡರ್ ಬರಬೇಕಿತ್ತು. ಬಂದದ್ದು ಸೊನ್ನೆ. ಆ ಜಾಗರ್ ಕ್ಲಿಕ್ ಮಾಡಿ ಬಂದವರು ಬೇರೆ ಪ್ಯಾಂಟನ್ನೂ ಕೊಳ್ಳಲಿಲ್ಲ.

ಕೂಡಿಸುವ ಕೆಲಸ ಕಷ್ಟವಲ್ಲ. ಶಾಪಿಫೈ ಸೈಟ್ ಆಗಿದ್ದು ಅದರ ಗೂಗಲ್ ಆ್ಯಪ್‌ನಿಂದಲೇ ಫೀಡ್ ಹೋಗುತ್ತಿದ್ದರೆ ಐಟಂ ಐಡಿ ಸಾಮಾನ್ಯವಾಗಿ `shopify_in_` ಎಂದು ಶುರುವಾಗಿ, ಆಮೇಲೆ ಡಿಸೈನ್ ನಂಬರ್, ಕೊನೆಗೆ ಸೈಜಿನ ನಂಬರ್ ಇರುತ್ತದೆ. ಪಟ್ಟಿಯನ್ನು ಗೂಗಲ್ ಶೀಟ್‌ಗೆ ಇಳಿಸಿ. A ಕಾಲಮ್‌ನಲ್ಲಿ ಐಡಿ, B ಕ್ಲಿಕ್, C ಖರ್ಚು, D ಆರ್ಡರ್ ಇರಲಿ. F ಕಾಲಮ್‌ನಲ್ಲಿ ಡಿಸೈನ್ ನಂಬರ್ ಬೇರೆ ಮಾಡಿ, G, H, Iನಲ್ಲಿ ಕೂಡಿಸಿ, ನಾಲ್ಕನ್ನೂ ಪಟ್ಟಿಯ ಕೊನೆಯ ಸಾಲಿನವರೆಗೆ ಎಳೆಯಿರಿ:

```
F2: =INDEX(SPLIT(A2,"_"),1,3)
G2: =SUMIF(F:F,F2,B:B)
H2: =SUMIF(F:F,F2,C:C)
I2: =SUMIF(F:F,F2,D:D)
```

ಒಂದು ಎಚ್ಚರಿಕೆ. ಹೀಗೆ ಕೂಡಿಸಲು ಇಳಿಸುವ ಪಟ್ಟಿಗೆ ಆ ಫಿಲ್ಟರ್ ಹಾಕಬೇಡಿ. ಹಾಕಿದರೆ 32 ಸೈಜಿಗೆ ಬಂದ ಆರ್ಡರ್ ಬಿಟ್ಟುಹೋಗಿ, ಒಳ್ಳೆಯ ಡಿಸೈನ್ ಕೂಡ ಸೊನ್ನೆಯಾಗಿ ಕಾಣುತ್ತದೆ.

ಒಂದು ಡಿಸೈನ್‌ಗೆ ಒಂದೇ ಸಾಲು ಉಳಿಸಿಕೊಂಡರೆ ನಮ್ಮ 240 ಸಾಲು 40 ಆಯಿತು. ಹಾಗೆ ನೋಡಿದಾಗ ಐದು ಡಿಸೈನ್‌ಗೆ ಒಂದೂ ಆರ್ಡರ್ ಇಲ್ಲ, ಖರ್ಚು ₹19,200. 250 ಕ್ಲಿಕ್ ದಾಟಿದ ಕೂಡಲೇ ಕತ್ತರಿಸುವುದೂ ಸರಿಯಲ್ಲ. ನೂರಕ್ಕೆ ಐದು ಎಂದರೆ 40 ಡಿಸೈನ್‌ನಲ್ಲಿ ಎರಡು ಸುಮ್ನೆ ಸಿಕ್ಕಿಬೀಳಬಹುದು. ನಮ್ಮ ಐದೂ 500 ಕ್ಲಿಕ್ ದಾಟಿದ್ದವು, ಅದಕ್ಕೆ ಧೈರ್ಯ ಬಂತು. ಇನ್ನೊಂದು, ಈ 83ರ ಲೆಕ್ಕ ಹತ್ತಿರ ಹತ್ತಿರ ಬೆಲೆಯ ಮಾಲಿಗೆ ಮಾತ್ರ. ₹2,800ರ ಜಾಕೆಟ್ ಇದ್ದರೆ ಅದಕ್ಕೆ ಬೇರೆಯೇ ಅಳತೆ ಬೇಕು.

ಯಾಕೆ ಹೋಗುತ್ತಿಲ್ಲ ಎಂದು ತಿಳಿಯಲು ಜಾಗರ್ ಒಂದನ್ನೇ ಬೇರೆ ಆಡ್ ಗ್ರೂಪ್‌ಗೆ ಹಾಕಿದೆ. ಸ್ಟ್ಯಾಂಡರ್ಡ್ ಶಾಪಿಂಗ್ ಕ್ಯಾಂಪೇನ್‌ನಲ್ಲಿ ಜನ ಏನು ಹುಡುಕಿ ಬಂದರು ಎಂಬ ಪಟ್ಟಿ ಆಡ್ ಗ್ರೂಪ್ ಪ್ರಕಾರ ಸಿಗುತ್ತದೆ. ಎಲ್ಲ ಮಾಲು ಒಂದೇ ಗ್ರೂಪ್‌ನಲ್ಲಿದ್ದರೆ ಯಾವ ಹುಡುಕಾಟ ಯಾವ ಮಾಲಿನದು ಗೊತ್ತಾಗದು. ಒಂದೇ ವಾರದಲ್ಲಿ ಬಣ್ಣ ಬಯಲಾಯಿತು. ಬಂದವರೆಲ್ಲ ಗಂಡಸರ ಜಾಗರ್ ಹುಡುಕಿದವರು. ನಮ್ಮ ಟೈಟಲ್‌ನಲ್ಲಿ "ಡೆನಿಮ್ ಜಾಗರ್ ಬ್ಲೂ" ಅಂತ ಇತ್ತೇ ಹೊರತು ಮಕ್ಕಳದು ಅಂತ ಎಲ್ಲೂ ಇರಲಿಲ್ಲ. `age_group` ಜಾಗದಲ್ಲಿ, ಎಲ್ಲದಕ್ಕೂ ಒಟ್ಟಿಗೆ ತುಂಬುವಾಗ, `adult` ಬಿದ್ದಿತ್ತು. ಫೋಟೋ ಮೇಜಿನ ಮೇಲೆ ಹಾಸಿ ತೆಗೆದದ್ದು, ಅಳತೆ ಗೊತ್ತಾಗುವುದಿಲ್ಲ. ₹550ಕ್ಕೆ ಜಾಗರ್ ಅಂದರೆ ಯಾರು ಬಿಡುತ್ತಾರೆ? ಒತ್ತಿ ಬರುತ್ತಾರೆ, "6-7 ವರ್ಷ" ಅಂತ ನೋಡಿ ಹೋಗುತ್ತಾರೆ. ಮೇಲಾಗಿ ಏಜೆನ್ಸಿಯವರು ಬಿಡ್ಡಿಂಗನ್ನು `Maximize clicks`ಗೆ ಇಟ್ಟಿದ್ದರು. ಅದು ಕ್ಲಿಕ್ ಎಲ್ಲಿ ಸಿಗುತ್ತದೋ ಅಲ್ಲಿಗೇ ದುಡ್ಡು ಸುರಿಯುತ್ತದೆ, ವ್ಯಾಪಾರ ಅದಕ್ಕೆ ಬೇಕಿಲ್ಲ.

ಉಳಿದ ನಾಲ್ಕರಲ್ಲಿ ಮೂರರ ಕಥೆ ಒಂದೇ. 30, 32, 34 ಸೈಜ್ ಖಾಲಿ, 28 ಮತ್ತು 40 ಮಾತ್ರ ಸ್ಟಾಕ್. ಖಾಲಿಯಾದ ಸೈಜ್ ಆಡ್‌ನಿಂದ ತಾನಾಗಿ ಹೋಗುತ್ತದೆ, ಉಳಿದ ಎರಡು ಓಡುತ್ತಲೇ ಇರುತ್ತವೆ. ನಾಲ್ಕನೆಯದು ಯಾಕೆ ಹೋಗಲಿಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಿಲ್ಲಿಸುವಾಗಲೂ ಒಂದು ಕಡೆ ಎಡವಿದೆ. ಫೀಡ್ ಹೋಗಿ ಸೇರುವ ಗೂಗಲ್ ಮರ್ಚೆಂಟ್ ಸೆಂಟರ್‌ಗೆ `id` ಮತ್ತು `custom_label_0` ಎಂಬ ಎರಡು ಕಾಲಮ್‌ನ ಶೀಟ್ ಜೋಡಿಸಿ, ಈ ಐಟಂಗಳಿಗೆ `stop` ಎಂದು ಲೇಬಲ್ ಕೊಡುವುದು, ಆಮೇಲೆ ಕ್ಯಾಂಪೇನ್‌ನಲ್ಲಿ ಆ ಲೇಬಲ್ಲನ್ನು ಹೊರಗಿಡುವುದು, ಇಷ್ಟೇ ಕೆಲಸ. ಆದರೆ ಐಡಿಯನ್ನು ಆಡ್ಸ್ ರಿಪೋರ್ಟ್‌ನಿಂದ ಕಾಪಿ ಮಾಡಿದ್ದೆ. ಅಲ್ಲಿ ಎಲ್ಲ ಸಣ್ಣ ಅಕ್ಷರ, `shopify_in`. ಮರ್ಚೆಂಟ್ ಸೆಂಟರ್‌ನಲ್ಲಿ ಇರುವುದು `shopify_IN`. ಒಂದೂ ಹೊಂದಲಿಲ್ಲ, ಮೂರು ದಿನ ಆಡ್ ಓಡುತ್ತಲೇ ಇತ್ತು. ಐಡಿಯನ್ನು ಮರ್ಚೆಂಟ್ ಸೆಂಟರ್‌ನಿಂದಲೇ ತಗೊಳ್ಳಿ. ಹೊರಗಿಡುವಾಗ `Everything else` ಎಂಬ ಸಾಲನ್ನು ಮುಟ್ಟಬೇಡಿ, ಉಳಿದ ಮಾಲೆಲ್ಲ ಇರುವುದು ಅದರಲ್ಲೇ.

ಐದನ್ನು ನಿಲ್ಲಿಸಿದ ಮೇಲಿನ ತಿಂಗಳು ಅದೇ ₹30,000ಕ್ಕೆ 71 ಆರ್ಡರ್ ಬಂತು, ಮೊದಲು 60 ಇತ್ತು. ಇನ್ನೂ ಲಾಭಕ್ಕೆ ಬಂದಿಲ್ಲ, ನಷ್ಟ ಸಣ್ಣದಾಗಿದೆ. ಬಿಡ್ಡಿಂಗ್ ಬದಲಿಸುವ ಮಾತು ನಡೆದಿದೆ.

ಜಾಗರ್‌ಗೆ ಇನ್ನೊಂದು ಅವಕಾಶ ಕೊಟ್ಟೆ. ಟೈಟಲ್‌ನಲ್ಲಿ ಮಕ್ಕಳದು, ಎಷ್ಟು ವರ್ಷದವರಿಗೆ ಎಂದು ಹಾಕಿ, `age_group` ಅನ್ನು `kids` ಮಾಡಿ, ಅಣ್ಣನ ಮಗನಿಗೆ ತೊಡಿಸಿ ಫೋಟೋ ತೆಗೆದು, ಆಡ್ ಖರ್ಚು ₹1,500 ದಾಟಬಾರದು ಎಂದು ಇಟ್ಟೆ. 230 ಕ್ಲಿಕ್, ₹1,400, ಎರಡು ಆರ್ಡರ್. ₹550ರ ಪ್ಯಾಂಟು ಮಾರಲು ಆಡ್‌ಗೆ ₹700. ಈಗ ಅದು ಅಂಗಡಿಯಲ್ಲಿ ಮತ್ತು ವಾಟ್ಸಾಪ್‌ನಲ್ಲಿ ಮಾತ್ರ ಸಿಗುತ್ತದೆ.