ವೈರಲ್ ಆದ ದೂರಿಗೆ ಉತ್ತರ: ಎಲ್ಲರೆದುರೋ, ಖಾಸಗಿಯಾಗಿಯೋ?

ನಿಮ್ಮ ಹೋಟೆಲಿನ ಸಲಾಡ್‌ನಲ್ಲಿ ಹುಳ ಸಿಕ್ಕಿತೆಂದು ಗ್ರಾಹಕರೊಬ್ಬರು ರಾತ್ರಿ ಫೋಟೋ ಹಾಕಿದರು, ಬೆಳಗಾಗುವಷ್ಟರಲ್ಲಿ ಅದು ಸಾವಿರಾರು ಜನರನ್ನು ತಲುಪಿತು ಅಂದುಕೊಳ್ಳಿ.

ಬಹಿರಂಗ ಉತ್ತರ ನಿಜಕ್ಕೂ ದೂರಿದವರಿಗಲ್ಲ, ಈ ಹೋಟೆಲಿಗೆ ಹೋಗೋಣವೇ ಎಂದು ಯೋಚಿಸುತ್ತಿರುವವರಿಗೆ. ಹಾಗಾಗಿ ಚಿಕ್ಕದಾಗಿರಲಿ: “ಫೋಟೋ ನೋಡಿದೆವು, ಕ್ಷಮಿಸಿ. ಸೊಪ್ಪು ತೊಳೆಯುವಲ್ಲಿ ತಪ್ಪಾಗಿದೆ. ಇಂದಿನಿಂದ ಎರಡು ಸಲ ತೊಳೆದು, ಬೆಳಕಿಗೆ ಹಿಡಿದು ನೋಡಿದ ಮೇಲಷ್ಟೇ ತಟ್ಟೆಗೆ ಹಾಕುತ್ತೇವೆ.” ಕಾರಣ ಗೊತ್ತಿಲ್ಲದಿದ್ದರೆ ಊಹಿಸಬೇಡಿ, ಪರಿಶೀಲಿಸುತ್ತಿದ್ದೇವೆ ಎಂದು ಬರೆದು, ಆಮೇಲೆ ಅದೇ ಉತ್ತರವನ್ನು ತಿದ್ದಿ. “ನಮ್ಮಲ್ಲಿ ಹಾಗಾಗುವುದೇ ಇಲ್ಲ” ಎಂದಿರೋ, ಆ ಸಾಲೇ ಮುಂದಿನ ಸ್ಕ್ರೀನ್‌ಶಾಟ್.

ಖಾಸಗಿ ಮಾತಿನ ಕೆಲಸ ಬೇರೆ. ಬಿಲ್ ಸಮಯ, ಟೇಬಲ್, ಆರೋಗ್ಯ ಕೆಟ್ಟಿತೇ, ಹಣ ವಾಪಸ್ ಎಷ್ಟು ಎಂಬುದೆಲ್ಲ ಇಲ್ಲಿಗೆ ಸೇರಿದ್ದು. ಆದರೆ ಬರೆದದ್ದು ಖಾಸಗಿಯಾಗಿಯೇ ಉಳಿಯುತ್ತದೆಂದು ನಂಬಬೇಡಿ. ಹಣ ವಾಪಸಿಗೆ “ರಿವ್ಯೂ ತೆಗೆಯಿರಿ” ಎಂಬ ಷರತ್ತನ್ನಂತೂ ಹಾಕಲೇಬೇಡಿ. ಗೂಗಲ್ ನಿಯಮದಲ್ಲೂ ಆಮಿಷ ಒಡ್ಡಿ ರಿವ್ಯೂ ತೆಗೆಸುವುದಕ್ಕೆ ಅವಕಾಶವಿಲ್ಲ.

ಖಾಸಗಿಯಾಗಿ ಮಾತ್ರ ಸರಿಪಡಿಸಿದರೆ ನೋಡುವವರಿಗೆ ಕಾಣುವುದು ಮೌನವೇ. ಬರೀ ಬಹಿರಂಗವಾದರೆ ದೂರಿದವರ ಸಿಟ್ಟು ಹಾಗೇ ಉಳಿಯುತ್ತದೆ, ಎರಡನೇ ಪೋಸ್ಟ್ ಬರುತ್ತದೆ. ನನ್ನ ಆಯ್ಕೆ: ಅದೇ ದಿನ ಬಹಿರಂಗ ಉತ್ತರ, ಅದರ ಕೊನೆಯಲ್ಲಿ ಮ್ಯಾನೇಜರ್ ಫೋನ್ ನಂಬರ್. ಕಾಮೆಂಟಿನಲ್ಲಿ ಅವರು ಮತ್ತೆ ಕೆಣಕಿದರೆ ಅಲ್ಲಿ ವಾದಕ್ಕಿಳಿಯದೆ ಫೋನಿನಲ್ಲೇ ಮಾತಾಡಿ.

ದೂರಿನಲ್ಲಿ ವೇಟರ್ ಹೆಸರಿದ್ದರೂ, ಬಹಿರಂಗದಲ್ಲಿ ಆ ಹೆಸರೆತ್ತಬೇಡಿ.