ಹೋಮ್ ಲೋನ್ ತಗೊಳ್ಳೋರೇ, ಪ್ರೊಸೆಸಿಂಗ್ ಫೀ ಲೆಕ್ಕ ನೀವೇ ಹಾಕಿ ನೋಡಿ. ನನಗೆ 9,298 ರೂಪಾಯಿ ಜಾಸ್ತಿ ಎಳೆದರು

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಯಾಕಂದ್ರೆ ನಾನು ಅಕೌಂಟ್ಸ್ ಕೆಲಸದವನು. ಮೈಸೂರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಗೆ ದಿನಾ ಜಿಎಸ್‌ಟಿ ಬಿಲ್ ಹಾಕೋದೇ ನನ್ನ ಹೊಟ್ಟೆಪಾಡು. ಅಂಥವನಿಗೇ ಜಿಎಸ್‌ಟಿ ಮೇಲೆ ಜಿಎಸ್‌ಟಿ ಹಾಕಿ ಕಳಿಸಿದ್ದಾರೆ, ನಾನು ಎರಡು ವಾರ ಸುಮ್ಮನೆ ಕೂತಿದ್ದೆ.

ಬ್ಯಾಂಕಿನ ಹೆಸರು ಹಾಕಲ್ಲ, ಕಂಪ್ಲೇಂಟ್ ಇನ್ನೂ ನಡೀತಿದೆ. ಖಾಸಗಿ ಬ್ಯಾಂಕು ಅಂತ ಮಾತ್ರ ತಿಳ್ಕೊಳ್ಳಿ.

32 ಲಕ್ಷ ಸಾಲ. ಪ್ರೊಸೆಸಿಂಗ್ ಫೀ ಅರ್ಧ ಪರ್ಸೆಂಟ್ ಅಂತ ಮಾತಾಗಿತ್ತು. ಅರ್ಜಿ ಹಾಕೋವಾಗಲೇ ಲಾಗಿನ್ ಫೀ ಅಂತ 5,900 ಕಟ್ಟಿಸಿಕೊಂಡರು: 5,000 ಫೀ, 900 ಜಿಎಸ್‌ಟಿ. "ಇದು ನಿಮ್ಮ ಪ್ರೊಸೆಸಿಂಗ್ ಫೀನಲ್ಲೇ ಕಳೆದುಹೋಗುತ್ತೆ ಸರ್" ಅಂತ ಏಜೆಂಟ್ ಹುಡುಗ ಬಾಯಲ್ಲಿ ಹೇಳಿದ. ಸ್ಯಾಂಕ್ಷನ್ ಲೆಟರ್‌ನಲ್ಲೂ ಮೊದಲು ಕಟ್ಟಿದ್ದನ್ನ ಪ್ರೊಸೆಸಿಂಗ್ ಫೀಗೆ ಹೊಂದಾಣಿಕೆ ಮಾಡ್ತೀವಿ ಅಂತ ಒಂದು ಸಾಲು ಇತ್ತು. ಆ ಸಾಲೇ ಆಮೇಲೆ ನನ್ನ ಮಾನ ಉಳಿಸಿದ್ದು.

ಲೆಕ್ಕ ಎಷ್ಟು ಸುಲಭ ನೋಡಿ. 32 ಲಕ್ಷಕ್ಕೆ ಅರ್ಧ ಪರ್ಸೆಂಟ್ ಅಂದ್ರೆ 16,000. ಅದಕ್ಕೆ ಶೇ 18 ಜಿಎಸ್‌ಟಿ 2,880. ಒಟ್ಟು 18,880. ಇದರಲ್ಲಿ 5,900 ಕಟ್ಟಾಗಿದೆ. ಉಳಿದಿದ್ದು 12,980. ಇಷ್ಟೇ.

ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಟೋಕನ್ ಹಿಡ್ಕೊಂಡು ನಿಂತಿದ್ದೆ. ಮೊಬೈಲ್‌ಗೆ ಮೆಸೇಜ್ ಬಂತು, ಉಳಿತಾಯ ಖಾತೆಯಿಂದ 22,278.40 ಕಡಿತ. ನೋಡಿದೆ. ಹೌದು, ನೋಡಿದೆ! ಏನೋ ಸ್ಟಾಂಪು, ಲಾಯರ್ ರಿಪೋರ್ಟು, ವ್ಯಾಲ್ಯುಯೇಷನ್ನು ಎಲ್ಲಾ ಸೇರಿಸಿರಬೇಕು ಅಂದ್ಕೊಂಡು ಮೊಬೈಲ್ ಜೇಬಿಗೆ ಹಾಕ್ಕೊಂಡೆ. ಮನೆ ಆಗೋ ದಿನ ಯಾರು ಲೆಕ್ಕ ಕೇಳ್ತಾರೆ ಹೇಳಿ. ಅವರಿಗೂ ಅದು ಗೊತ್ತು.

ಎರಡು ವಾರ ಆದಮೇಲೆ ಪಾಸ್‌ಬುಕ್ ನೋಡ್ತಾ ನನ್ನ ಹೆಂಡತಿ ಕೇಳಿದಳು, "ರೀ, ಈ 40 ಪೈಸೆ ಎಲ್ಲಿಂದ ಬಂತು?"

ಅಲ್ಲೇ ತಲೆ ಗಿರ್ರ್ ಅಂತು. 16,000ಕ್ಕೆ ಶೇ 18 ಹಾಕಿದ್ರೆ ಪೈಸೆ ಬರೋ ಹಾಗೇ ಇಲ್ಲ. ಕ್ಯಾಲ್ಕುಲೇಟರ್ ತಗೊಂಡು 22,278.40 ಅನ್ನ 1.18ರಿಂದ ಭಾಗಿಸಿದೆ. ಬಂದಿದ್ದು 18,880. ತೆರಿಗೆ ಕಳೆದಮೇಲೆ ಬರಬೇಕಿದ್ದ ಮೂಲ ಫೀ 16,000. ಬಂದಿದ್ದು 18,880! ಅಂದ್ರೆ ಆಗಲೇ ತೆರಿಗೆ ಸೇರಿದ್ದ ಮೊತ್ತವನ್ನೇ ಫೀ ಅಂತ ಎಂಟ್ರಿ ಮಾಡಿ, ಅದರ ಮೇಲೆ ಇನ್ನೊಂದು ಸಲ ಶೇ 18 ಹಾಕಿದ್ದಾರೆ. 3,398.40 ಹೆಚ್ಚುವರಿ. ಲಾಗಿನ್ ಫೀ 5,900 ಅಂತೂ ಕಳೆದೇ ಇಲ್ಲ. ಎರಡೂ ಸೇರಿ 9,298.40.

ಯಾಕೆ ಹೀಗಾಯ್ತು ಅಂತ ಕಾಗದ ತೆಗೆದು ನೋಡಿದಾಗ ಗೊತ್ತಾಯ್ತು. ಸ್ಯಾಂಕ್ಷನ್ ಲೆಟರ್‌ನಲ್ಲಿ "ಅರ್ಧ ಪರ್ಸೆಂಟ್, ತೆರಿಗೆ ಪ್ರತ್ಯೇಕ" ಅಂತ ಇದೆ. ಸಾಲದ ಚಾರ್ಜುಗಳನ್ನೆಲ್ಲ ಬರೆದು ಕೊಡೋ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ನಲ್ಲಿ "18,880, ತೆರಿಗೆ ಸೇರಿ" ಅಂತ ಇದೆ. ಎರಡೂ ಸರಿಯೇ. ಆದರೆ ದುಡ್ಡು ಎಳೆಯೋವಾಗ ಒಂದು ಕಾಗದದಿಂದ ಮೊತ್ತ ತಗೊಂಡು, ಇನ್ನೊಂದರಿಂದ "ತೆರಿಗೆ ಪ್ರತ್ಯೇಕ" ತಗೊಂಡಿದ್ದಾರೆ.

ಮರುದಿನ ಬ್ರಾಂಚ್‌ಗೆ ಹೋದೆ. ಲೋನ್ ಆಫೀಸರ್ ನನ್ನ ಮುಖ ನೋಡದೇ ಹೇಳಿದ್ದು: "ಸರ್, ಅದು ಸಿಸ್ಟಮ್ ಜನರೇಟೆಡ್. ಸಿಸ್ಟಮ್ ತಪ್ಪು ಮಾಡಲ್ಲ." ಸಿಸ್ಟಮ್‌ಗೆ 18,880 ಅಂತ ಟೈಪ್ ಮಾಡಿದ್ದು ಮನುಷ್ಯರೇ ಅಲ್ವೇನ್ರೀ ಅಂದೆ. ಆಗ "ಲಾಗಿನ್ ಫೀ ನಾನ್ ರಿಫಂಡಬಲ್ ಸರ್, ನೀವೇ ಸಹಿ ಹಾಕಿದ್ದೀರ" ಅಂದರು. ಈ ಮಾತಲ್ಲೇ ಜನ ಬಾಯಿ ಮುಚ್ಕೊಂಡು ವಾಪಸ್ ಬರ್ತಾರೆ. ನಾನ್ ರಿಫಂಡಬಲ್ ಅಂದ್ರೆ ನಾನು ಸಾಲ ಬೇಡ ಅಂದ್ರೆ ದುಡ್ಡು ವಾಪಸ್ ಬರಲ್ಲ ಅಂತ. ಸಾಲ ತಗೊಂಡಮೇಲೆ ಫೀನಲ್ಲಿ ಕಳೀಬಾರದು ಅಂತ ಅಲ್ಲ. ಸ್ಯಾಂಕ್ಷನ್ ಲೆಟರ್‌ನ ಆ ಸಾಲಿಗೆ ಬೆರಳಿಟ್ಟು ತೋರಿಸಿದೆ. "ಚೆಕ್ ಮಾಡ್ತೀವಿ ಸರ್."

ಹನ್ನೊಂದು ದಿನ ಚೆಕ್ ಮಾಡಿದರು. ಅಷ್ಟರಲ್ಲಿ ಆರು ಸಲ ಫೋನ್ ಮಾಡಿದೆ, ಆರು ಸಲವೂ "ಆಪರೇಷನ್ಸ್‌ಗೆ ಕಳಿಸಿದ್ದೀವಿ". ಆ ಆಪರೇಷನ್ಸ್ ಎಲ್ಲಿದೆ, ಯಾರಿದ್ದಾರೆ, ದೇವರಿಗೇ ಗೊತ್ತು. ಕೊನೆಗೆ ಬಾಯಿಮಾತು ಬಿಟ್ಟು ಮೇಲ್ ಹಾಕಿದೆ. ಎರಡು ಸಲ ಕಟ್ಟಿದ್ದಕ್ಕೂ ಟ್ಯಾಕ್ಸ್ ಇನ್‌ವಾಯ್ಸ್ ಕೊಡಿ, ಫೀ ಎಷ್ಟು, ಸಿಜಿಎಸ್‌ಟಿ ಎಷ್ಟು, ಎಸ್‌ಜಿಎಸ್‌ಟಿ ಎಷ್ಟು ಅಂತ ಬಿಡಿಸಿ ತೋರಿಸಿ ಅಂದೆ. ಇನ್‌ವಾಯ್ಸ್ ಬಂತು: ಫೀ 18,880, ಸಿಜಿಎಸ್‌ಟಿ 1,699.20, ಎಸ್‌ಜಿಎಸ್‌ಟಿ 1,699.20. ಅವರ ಕಾಗದವೇ ಅವರ ತಪ್ಪು ಒಪ್ಪಿಕೊಂಡಿತ್ತು. 3,398.40 ಮೂರೇ ದಿನಕ್ಕೆ ವಾಪಸ್ ಬಂತು. ಆಮೇಲೆ 5,000ವೂ ಬಂತು.

900 ಮಾತ್ರ ಬರಲಿಲ್ಲ.

"ಜಿಎಸ್‌ಟಿ ಸರ್ಕಾರಕ್ಕೆ ಹೋಗಿದೆ ಸರ್, ನಮ್ಮ ಕೈಲಿಲ್ಲ." ನನಗೆ ಹೇಳೋ ಮಾತಾ ಇದು? 16,000 ಫೀಗೆ 2,880 ತೆರಿಗೆ ಪೂರ್ತಿ ತಗೊಂಡಿದ್ದಾರೆ. ಅದೇ 16,000ದೊಳಗಿನ 5,000ಕ್ಕೆ ಮತ್ತೆ 900 ಅಂದ್ರೆ ಎರಡು ಸಲ ಆಯ್ತಲ್ಲ? ಬಿಲ್‌ನಲ್ಲಿ ತೆರಿಗೆ ಜಾಸ್ತಿ ಬಿದ್ರೆ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ನೋಟ್ ಕೊಡೋಕೆ ದಾರಿ ಇದೆ. ಆ ಹಣಕಾಸು ವರ್ಷ ಮುಗಿದಮೇಲೆ ಬರೋ ನವೆಂಬರ್ 30ರ ತನಕ, ಅಥವಾ ಅದಕ್ಕೂ ಮುಂಚೆ ವಾರ್ಷಿಕ ರಿಟರ್ನ್ ಹಾಕಿದ್ರೆ ಆ ದಿನದ ತನಕ, ಅವರು ಅದನ್ನ ತಮ್ಮ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ಪೈಂಟ್ ಡಬ್ಬ ವಾಪಸ್ ಬಂದ್ರೆ ನಮ್ಮ ಅಂಗಡಿಯಲ್ಲೇ ಮಾಡ್ತೀವಿ. ಅಷ್ಟು ದೊಡ್ಡ ಬ್ಯಾಂಕಿಗೆ ಆಗಲ್ವಂತೆ.

ನೀವು ಮಾಡಬೇಕಾದ್ದು ಇಷ್ಟು. ಕಡಿತ ಆದ ದಿನವೇ ಆ ಮೊತ್ತವನ್ನ 1.18ರಿಂದ ಭಾಗಿಸಿ. ಬಂದಿದ್ದು ಸ್ಯಾಂಕ್ಷನ್ ಲೆಟರ್‌ನ ಮೂಲ ಫೀ ಆಗಿರಬೇಕು, ಲಾಗಿನ್ ಫೀ ಹೊಂದಾಣಿಕೆ ಇದ್ರೆ ಅದನ್ನ ಕಳೆದ ಮೊತ್ತ. ನನ್ನ ಲೆಕ್ಕದಲ್ಲಿ 11,000 ಬರಬೇಕಿತ್ತು. ಹೊಂದಾಣಿಕೆಯ ಸಾಲು ಲೆಟರ್‌ನಲ್ಲಿ ಇಲ್ಲದಿದ್ರೆ ನಿಮ್ಮ ವಾದ ನಿಲ್ಲಲ್ಲ, ಕೆಲವು ಕಡೆ ಲಾಗಿನ್ ಫೀ ನಿಜಕ್ಕೂ ಬೇರೆ. ಆದ್ದರಿಂದ ಸಹಿ ಹಾಕೋ ಮುಂಚೆ ಆ ಸಾಲು ಹಾಕಿಸಿಕೊಳ್ಳಿ, ಏಜೆಂಟ್ ಬಾಯಿಮಾತು ನಂಬಬೇಡಿ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಜೋಪಾನ. 2024ರ ಅಕ್ಟೋಬರ್ 1ರಿಂದ ಹೊಸ ರೀಟೇಲ್ ಸಾಲಗಳಿಗೆ ಅದು ಕಡ್ಡಾಯ. ಅದರಲ್ಲಿ ಇಲ್ಲದ ಚಾರ್ಜನ್ನ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ನನ್ನದರಲ್ಲಿ 22,278.40 ಎಲ್ಲೂ ಇರಲಿಲ್ಲ.

ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ರೆ, cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ಹಾಕಬಹುದು, ಫೀ ಇಲ್ಲ. ನನಗೆ ಇವತ್ತಿಗೆ 26 ದಿನ. ನಿನ್ನೆ ಆಫೀಸರ್ ಫೋನ್ ಮಾಡಿ "900 ರೂಪಾಯಿಗೆ ಯಾಕೆ ಸರ್ ಇಷ್ಟು ತಲೆ ಕೆಡಿಸ್ಕೊಳ್ತೀರ" ಅಂತ ಕೇಳಿದರು. ಹಾಗಾದ್ರೆ ಅದನ್ನ ನೀವೇ ಕೊಟ್ಬಿಡಿ ಅಂದೆ. ಫೋನ್ ಇಟ್ಟರು.